ಬಿಎಂಸಿ ಕೇಂದ್ರದ ಎರಡನೇ ಕಂಪ್ರೆಸರ್ ಬದಲಾವಣೆ: ತಮ್ಮ ಹಂತದ ತೀರ್ಮಾನಕ್ಕಾಗಿ ಮನವಿ

ದಿನಾಂಕ: 9 ಮಾರ್ಚ್ 2026

ಇವರಿಂದ:
ಮೇಲ್ವಿಚಾರಕಿ, ಬಿಎಂಸಿ ಕೇಂದ್ರ

ಇವರಿಗೆ:
ವ್ಯವಸ್ಥಾಪಕರು (ಶೇಖರಣೆ), ಹಾಲು ಒಕ್ಕೂಟದ ಕೇಂದ್ರ ಕಚೇರಿ

ಮುಖಾಂತರ:
ಉಪ ವ್ಯವಸ್ಥಾಪಕರು, ತಾಲ್ಲೂಕು ಶಿಬಿರ ಕಚೇರಿ

ಮಾನ್ಯರೇ,

ನಮ್ಮ ಕೇಂದ್ರದ 5,000 ಲೀಟರ್ ಸಾಮರ್ಥ್ಯದ ತೊಟ್ಟಿಗೆ ಜೋಡಿಸಿರುವ ಎರಡು ಕಂಪ್ರೆಸರ್‌ಗಳ ಪೈಕಿ ಒಂದು ಕಳೆದ ನವೆಂಬರ್ 24ರಿಂದ ನಿಂತಿದ್ದು, ಅದನ್ನು ಬದಲಿಸುವ ಕಡತಕ್ಕೆ ಈಗ ತಮ್ಮ ಹಂತದ ತೀರ್ಮಾನ ಬೇಕಾಗಿದೆ. ಮಾರ್ಚ್ 19ರ ಯುಗಾದಿಗೆ ಮುಂಚೆ ಈ ತೀರ್ಮಾನ ದೊರೆತರೆ ಬೇಸಿಗೆಯ ಉಳಿದ ದಿನಗಳಲ್ಲಿ ಏಳು ಸಂಘಗಳ ಹಾಲನ್ನು ಕೆಡದಂತೆ ಕಾಯ್ದುಕೊಳ್ಳಬಹುದು ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಉಪ ವ್ಯವಸ್ಥಾಪಕರು ಇದರ ಕರಡನ್ನು ಓದಿದ್ದಾರೆ. ನಾನು ತಪ್ಪಾಗಿ ಬರೆದಿದ್ದ ಒಂದು ದಿನಾಂಕವನ್ನು ಅವರೇ ತಿದ್ದಿಕೊಟ್ಟು, "ಇದು ನನ್ನ ಕೈ ಮೀರಿದ ಮೊತ್ತ, ಸಾಹೇಬರ ಗಮನಕ್ಕೆ ಹೋಗಲೇಬೇಕು, ಬರೆದುಕೊಡಿ" ಎಂದಿದ್ದಾರೆ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ನವೆಂಬರ್ 27ರಂದು ಬಂದ ತಂತ್ರಜ್ಞರು ಮೋಟರಿನ ವೈಂಡಿಂಗ್ ಸುಟ್ಟಿದೆಯೆಂದು ತಿಳಿಸಿ ಎರಡು ದಾರಿ ಸೂಚಿಸಿದರು. ಮರು ವೈಂಡಿಂಗ್ ಮಾಡಿಸಿ ಗ್ಯಾಸ್ ತುಂಬಿಸಿದರೆ ₹68,000, ಹೊಸದನ್ನೇ ಕೂರಿಸಿದರೆ ₹1,85,000. ಯಂತ್ರಕ್ಕೆ ವಯಸ್ಸಾಗಿರುವುದರಿಂದ ಹೊಸದೇ ಲೇಸೆಂಬುದು ಅವರ ಅಭಿಪ್ರಾಯ. ಉಪ ವ್ಯವಸ್ಥಾಪಕರು ತಮ್ಮ ಅಧಿಕಾರದಲ್ಲಿ ₹50,000ದವರೆಗೆ ಮಾತ್ರ ಮಂಜೂರು ಮಾಡಬಹುದಾದ್ದರಿಂದ ಡಿಸೆಂಬರ್ 4ರಂದು ಕಡತವನ್ನು ತಾಂತ್ರಿಕ ವಿಭಾಗಕ್ಕೆ ಕಳುಹಿಸಿದರು. ತೊಟ್ಟಿ ಮತ್ತು ಕಂಪ್ರೆಸರ್‌ಗಳು ಅನುದಾನದಲ್ಲಿ ಬಂದ ಆಸ್ತಿಯಾದ್ದರಿಂದ ಅಳವಡಿಕೆಯ ಕಾಗದಪತ್ರಗಳು ಬೇಕೆಂದು ಡಿಸೆಂಬರ್ 17ರಂದು ಕೇಳಲಾಯಿತು. ಅವು ನಮ್ಮ ಕೇಂದ್ರದ ಹಳೆಯ ಬೀರುವಿನಲ್ಲಿದ್ದವು. ಹುಡುಕಿ, ನಕಲು ಮಾಡಿಸಿ ಕಳುಹಿಸಲು ನನಗೆ ಹನ್ನೆರಡು ದಿನ ಹಿಡಿಯಿತು. ಆ ತಡ ನನ್ನದು.

ಅಲ್ಲಿಂದ ಮುಂದೆ ಕಡತ ಎಲ್ಲಿದೆ ಎಂಬುದು ನನಗೆ ಸ್ಪಷ್ಟವಾದದ್ದು ಫೆಬ್ರವರಿ 17ರಂದು, ಉಪ ವ್ಯವಸ್ಥಾಪಕರ ಅನುಮತಿ ಪಡೆದು ಕೇಂದ್ರ ಕಚೇರಿಗೆ ಬಂದು ಎರಡೂ ವಿಭಾಗದವರನ್ನು ಭೇಟಿಯಾದಾಗ. ಹಳೆಯ ಕಂಪ್ರೆಸರನ್ನು ಆಸ್ತಿ ಪಟ್ಟಿಯಿಂದ ತೆಗೆಯಬಹುದೇ ಎಂದು ಲೆಕ್ಕಪತ್ರ ವಿಭಾಗ ಹೇಳಿದ ಮೇಲೆ ಅಂದಾಜು ಪಟ್ಟಿ ತಯಾರಿಸುವುದು ತಾಂತ್ರಿಕ ವಿಭಾಗದ ಕ್ರಮ. ಹೊಸದರ ಬೆಲೆ ಮತ್ತು ಹಳೆಯದರ ಗುಜರಿ ಬೆಲೆ ಅಂದಾಜಿನಲ್ಲಿ ಬೇರೆ ಬೇರೆಯಾಗಿ ಬಂದ ಮೇಲೆ ಅಭಿಪ್ರಾಯ ಕೊಡುವುದು ಲೆಕ್ಕಪತ್ರ ವಿಭಾಗದ ಕ್ರಮ. ಎರಡೂ ಸರಿಯಾದ ಕ್ರಮಗಳೇ. ಆದರೆ ಒಬ್ಬರ ಕಾಗದಕ್ಕೆ ಇನ್ನೊಬ್ಬರು ಕಾಯುವಂತಾಗಿ, ಯಾರ ಮೇಜಿನ ಮೇಲೂ ಬಾಕಿಯೆಂದು ಕಾಣದ ಹಾಗೆ ಕಡತ ನಿಂತಿದೆ. ಎರಡೂ ಕಡೆ ನನ್ನನ್ನು ಕೂರಿಸಿ, ಸಮಾಧಾನದಿಂದ ವಿವರಿಸಿದರು. ಇದೇ ಕಚೇರಿಗೆ ಉಪ ವ್ಯವಸ್ಥಾಪಕರು ಜನವರಿ 12 ಮತ್ತು ಫೆಬ್ರವರಿ 9ರಂದು ನೆನಪೋಲೆಗಳನ್ನೂ ಬರೆದಿದ್ದಾರೆ. ಜನವರಿಯಿಂದ ಪಕ್ಕದ ತಾಲ್ಲೂಕಿನ ಪ್ರಭಾರವೂ ಅವರ ಮೇಲಿರುವಾಗ ಈ ಒಂದು ಕೇಂದ್ರಕ್ಕಾಗಿ ಅವರು ಮಾಡಿದ ಓಡಾಟವನ್ನು ನಾನು ಕಂಡಿದ್ದೇನೆ.

ಇನ್ನೊಂದು ವಿಷಯವನ್ನೂ ನಾನೇ ಹೇಳುವುದು ಸರಿ. ಡಿಸೆಂಬರಿನಲ್ಲಿ ಉಪ ವ್ಯವಸ್ಥಾಪಕರು ಫೋನಿನಲ್ಲಿ ವಿಚಾರಿಸಿದಾಗ, "ಒಂದರಲ್ಲೇ ಸುಧಾರಿಸಿಕೊಂಡು ಹೋಗಬಹುದು ಸಾರ್" ಎಂದು ನಾನು ಹೇಳಿದ್ದೆ. ಆಗ ಅದು ನಿಜವೂ ಆಗಿತ್ತು. ಚಳಿಗಾಲದ ಬೆಳಿಗ್ಗೆ ಕ್ಯಾನುಗಳಲ್ಲಿ ಬರುತ್ತಿದ್ದ ಹಾಲು 27 ಡಿಗ್ರಿಯ ಆಸುಪಾಸಿನಲ್ಲಿರುತ್ತಿತ್ತು, ಟ್ಯಾಂಕರ್ ಹೊರಡುವುದು ಅರ್ಧ ಗಂಟೆ ತಡವಾಗುತ್ತಿತ್ತು, ಅಷ್ಟೇ. ನನ್ನ ಆ ಮಾತಿನಿಂದ ಕಡತಕ್ಕೆ ಅವಸರವಿಲ್ಲವೆಂಬ ಭಾವನೆ ಮೂಡಿದ್ದರೆ ಆಶ್ಚರ್ಯವಿಲ್ಲ. ಚಳಿಗಾಲದಲ್ಲಿ ಬರೆದ ಕಡತವನ್ನು ಈಗಿನ ಬಿಸಿಲಿನಲ್ಲಿ ಇನ್ನೊಮ್ಮೆ ಓದಬೇಕೆಂಬುದೇ ನನ್ನ ವಿನಂತಿಯ ಸಾರ.

ಈಗಿನ ಸ್ಥಿತಿ ಹೀಗಿದೆ. ಸಂಜೆಯ 1,900 ಲೀಟರ್ ಹಾಲು ರಾತ್ರಿಯೆಲ್ಲ ತಣಿದು ಬೆಳಿಗ್ಗೆ 4 ಡಿಗ್ರಿಯಲ್ಲಿರುತ್ತದೆ. ಅದರ ಮೇಲೆ ಆರೂವರೆಯಿಂದ ಎಂಟರವರೆಗೆ ಸುಮಾರು 2,300 ಲೀಟರ್ ಬಿಸಿ ಹಾಲು ಬಂದು ಬೀಳುತ್ತದೆ. ಮಾರ್ಚ್ ಮೊದಲ ವಾರದಲ್ಲಿ ಕ್ಯಾನಿನೊಳಗೆ ಅದ್ದಿದ ಥರ್ಮಾಮೀಟರ್ 33 ತೋರಿಸಿದೆ. ಎರಡೂ ಕಂಪ್ರೆಸರ್ ಓಡುತ್ತಿದ್ದಾಗ ಹತ್ತೂಕಾಲಿಗೆಲ್ಲ ತೊಟ್ಟಿಯ ಹಾಲು ಮತ್ತೆ 4ಕ್ಕೆ ಇಳಿದಿರುತ್ತಿತ್ತು. ಈಗ ಅದೇ ಹೊತ್ತಿಗೆ 9 ಅಥವಾ 10ರಲ್ಲಿರುತ್ತದೆ. 5 ಡಿಗ್ರಿ ಮೀರಿದ ಹಾಲನ್ನು ಟ್ಯಾಂಕರಿಗೆ ತುಂಬಬಾರದೆಂಬ ಕ್ರಮವಿರುವುದರಿಂದ ಟ್ಯಾಂಕರ್ ಹನ್ನೆರಡೂವರೆಯವರೆಗೆ ನಮ್ಮ ಅಂಗಳದಲ್ಲೇ ನಿಲ್ಲುತ್ತದೆ, ಅದರಿಂದ ಮುಂದಿನ ಕೇಂದ್ರದ ಹಾಲೂ ತಡವಾಗುತ್ತದೆ. ಉಳಿದಿರುವ ಒಂದೇ ಯಂತ್ರ ಬಿಡುವಿಲ್ಲದೆ ಓಡುತ್ತಿದ್ದು, ಅದೂ ಕೈಕೊಟ್ಟರೆ ಹಾಲನ್ನು ಇಡಲು ನಮಗೆ ಬೇರೆ ಜಾಗವಿಲ್ಲ.

ಫೆಬ್ರವರಿ 26ರಂದು ಅದರ ಮುನ್ಸೂಚನೆಯೂ ಸಿಕ್ಕಿತು. ಬೆಳಿಗ್ಗೆ ವೋಲ್ಟೇಜ್ ಕುಸಿದು ಕಂಪ್ರೆಸರ್ ಎರಡು ಸಲ ಟ್ರಿಪ್ ಆಯಿತು. ಹತ್ತು ಗಂಟೆಗೆ ತೊಟ್ಟಿಯ ಮುಳ್ಳು 14ರಲ್ಲಿತ್ತು. ಆ ದಿನದ 4,150 ಲೀಟರ್ ಹಾಲು ಡೇರಿಗೆ ತಲುಪಿದಾಗ ಕಾಯಿಸಿದರೆ ಒಡೆಯಲಿಲ್ಲವಾದರೂ, ಎಂಬಿಆರ್‌ಟಿ ಪರೀಕ್ಷೆಯಲ್ಲಿ ನೀಲಿ ಬಣ್ಣ 35 ನಿಮಿಷಕ್ಕೇ ಬಿಳಿಚಿಕೊಂಡಿತು. ಬಣ್ಣ ಬೇಗ ಹೋದಷ್ಟೂ ಹಾಲಿನಲ್ಲಿ ಸೂಕ್ಷ್ಮಾಣುಗಳು ಹೆಚ್ಚೆಂದು ತಮಗೆ ತಿಳಿದೇ ಇದೆ. ನಮ್ಮ ಕೇಂದ್ರದ ಹಾಲಿನಲ್ಲಿ ಅದು ಎರಡು ಗಂಟೆಗೂ ಮೀರಿ ನಿಲ್ಲುವುದು ವಾಡಿಕೆ. ಆ ತೊಟ್ಟಿಯ ಹಾಲು ಕೆಳ ದರ್ಜೆಗೆ ಇಳಿಯಿತು.

ಸಾಲಿನಲ್ಲಿ ಕಾಯುವ ಕ್ಯಾನುಗಳದ್ದು ಬೇರೆಯೇ ಕಥೆ. ತೊಟ್ಟಿಗೆ ಒಮ್ಮೆಲೇ ಬಿಸಿ ಹಾಲು ಬೀಳದಿರಲೆಂದು ಸಂಘಗಳ ಸರದಿಯನ್ನು ನಾವು ಬಿಡಿಸಿ ಹಾಕಿದ್ದೇವೆ. ಕೊನೆಯ ಸರದಿಯವರು ಕೆಲವೊಮ್ಮೆ ನಲವತ್ತು ನಿಮಿಷ ಕಾಯುತ್ತಾರೆ. ಕ್ಯಾನುಗಳನ್ನು ಹೊಂಗೆ ಮರದ ನೆರಳಿಗೆ ಸರಿಸಿ, ಒದ್ದೆ ಗೋಣಿತಟ್ಟು ಹೊದಿಸಿ, ಅದು ಒಣಗಿದಂತೆಲ್ಲ ನೀರು ಚಿಮುಕಿಸುವುದು ನಮ್ಮ ಸಹಾಯಕನ ಈಗಿನ ಬೆಳಗಿನ ಕೆಲಸ. ಮಾರ್ಚ್ 2ರಂದು ಹೀಗೆ ಕಾದ ಒಂದು ಕ್ಯಾನು ಹುಳಿ ವಾಸನೆ ಬಂದಿತೆಂದು ನಾನು ವಾಪಸು ಮಾಡಬೇಕಾಯಿತು. ಆ ಸಂಘದ ಕಾರ್ಯದರ್ಶಿಯವರು ದನಿ ಏರಿಸಲಿಲ್ಲ. "ಮೇಡಂ, ನಮ್ಮ ಡೈರಿ ಬಿಟ್ಟಾಗ ಹಾಲು ಚೆನ್ನಾಗೇ ಇತ್ತು, ಕೆಟ್ಟಿದ್ದು ನಿಮ್ಮ ಬಾಗಿಲಲ್ಲಿ" ಎಂದಷ್ಟೇ ಹೇಳಿ ಕ್ಯಾನು ಎತ್ತಿಕೊಂಡು ಹೋದರು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆ ಕ್ಯಾನಿನ ನಷ್ಟ ಸಂಘದ್ದೋ ಕೇಂದ್ರದ್ದೋ ಎಂಬುದನ್ನು ಈ ಬಟವಾಡೆಯೊಳಗೆ ಇತ್ಯರ್ಥ ಮಾಡಬೇಕಾಗಿದ್ದು, ಆ ಬಗ್ಗೆ ಉಪ ವ್ಯವಸ್ಥಾಪಕರಿಗೆ ಪ್ರತ್ಯೇಕವಾಗಿ ಬರೆದಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ತಾಂತ್ರಿಕ ಮತ್ತು ಲೆಕ್ಕಪತ್ರ ವಿಭಾಗದವರನ್ನು ಇದೇ ವಾರ ಒಮ್ಮೆ ಒಟ್ಟಿಗೆ ಕೂರಿಸಿ, ಅಂದಾಜು ಮತ್ತು ಅಭಿಪ್ರಾಯ ಎರಡನ್ನೂ ಅದೇ ಬೈಠಕಿನಲ್ಲಿ ಮುಗಿಸುವಂತೆ ತಾವು ಸೂಚಿಸಬೇಕು. ನಾನು ತಿಳಿದಂತೆ ಅದು ಅರ್ಧ ಗಂಟೆಯ ಕೆಲಸ, ಏಕೆಂದರೆ ಬೇಕಾದ ಕಾಗದಗಳೆಲ್ಲ ಈಗಾಗಲೇ ಕಡತದಲ್ಲಿವೆ. ತಾವು ಕರೆದರೆ ಉಪ ವ್ಯವಸ್ಥಾಪಕರೊಂದಿಗೆ ನಾನೂ ಮೂಲ ದಾಖಲೆಗಳ ಸಹಿತ ಬರುತ್ತೇನೆ. ಒಂದು ವೇಳೆ ಹೊಸ ಕಂಪ್ರೆಸರ್ ಖರೀದಿಯ ಪ್ರಕ್ರಿಯೆಗೆ ಹೆಚ್ಚು ಸಮಯ ಹಿಡಿಯುವುದಾದರೆ, ಸುಟ್ಟಿರುವುದನ್ನೇ ₹68,000ಕ್ಕೆ ಮರು ವೈಂಡಿಂಗ್ ಮಾಡಿಸಲು ಅಥವಾ ಬೇರೆ ಯಾವುದಾದರೂ ಕೇಂದ್ರದಲ್ಲಿ ಬಳಕೆಯಾಗದೆ ಇರುವ ಯಂತ್ರವನ್ನು ಜೂನ್‌ವರೆಗೆ ಎರವಲು ತರಲು ಅನುಮತಿ ನೀಡಬಹುದು. ಹೊಸದು ಬಂದ ಮೇಲೆ ಮರು ವೈಂಡಿಂಗಿನ ಹಣ ದಂಡವೆನಿಸಬಹುದೆಂಬ ಮಾತು ಬರುವುದು ಸಹಜ. ಫೆಬ್ರವರಿ 26ರಂತಹ ಇನ್ನೊಂದು ದಿನದ ನಷ್ಟದ ಜೊತೆ ಅದನ್ನು ತೂಗಿ ನೋಡುವುದನ್ನು ತಮ್ಮ ವಿವೇಚನೆಗೆ ಬಿಡುತ್ತೇನೆ. ಈ ಯಾವುದೂ ಸಾಧ್ಯವಿಲ್ಲವೆಂಬ ತೀರ್ಮಾನವಾದರೂ ಸರಿಯೇ, ಅದನ್ನು ತಿಳಿಸಿದರೆ ದೂರದ ಎರಡು ಸಂಘಗಳ ಹಾಲನ್ನು ಬೇಸಿಗೆ ಮುಗಿಯುವವರೆಗೆ ಬೇರೆ ಕೇಂದ್ರಕ್ಕೆ ತಿರುಗಿಸುವ ಬಗ್ಗೆ ಉಪ ವ್ಯವಸ್ಥಾಪಕರೊಂದಿಗೆ ಈಗಲೇ ಮಾತನಾಡುತ್ತೇನೆ.

ತಂತ್ರಜ್ಞರ ವರದಿ, ಡಿಸೆಂಬರಿನಿಂದ ಇಲ್ಲಿಯವರೆಗಿನ ತಾಪಮಾನ ಪುಸ್ತಕದ ನಕಲು, ಫೆಬ್ರವರಿ 26ರ ಪರೀಕ್ಷಾ ಫಲಿತಾಂಶ ಮತ್ತು ಎರಡು ನೆನಪೋಲೆಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ತಾಪಮಾನ ಪುಸ್ತಕದಲ್ಲಿ ಜನವರಿ 8ರಿಂದ 10ರವರೆಗಿನ ನಮೂದುಗಳಿಲ್ಲ. ಆಗ ನಾನು ರಜೆಯಲ್ಲಿದ್ದೆ, ಬರೆಯುವ ಏರ್ಪಾಡು ಮಾಡಿ ಹೋಗಿರಲಿಲ್ಲ. ಪತ್ರದ ಪ್ರತಿಯನ್ನು ತಾಂತ್ರಿಕ ಮತ್ತು ಲೆಕ್ಕಪತ್ರ ವಿಭಾಗಗಳಿಗೂ ಅವರ ಮಾಹಿತಿಗಾಗಿ ಕಳುಹಿಸಲಾಗಿದೆ. ಅವರ ಕ್ರಮವನ್ನು ನಾನು ಎಲ್ಲಿಯಾದರೂ ತಪ್ಪಾಗಿ ಗ್ರಹಿಸಿದ್ದರೆ ತಿದ್ದಬೇಕೆಂದು ಅವರಲ್ಲಿಯೂ ಕೋರುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಮೇಲ್ವಿಚಾರಕಿ, ಬಿಎಂಸಿ ಕೇಂದ್ರ

ಉಪ ವ್ಯವಸ್ಥಾಪಕರ ಷರಾ:
ಮೇಲಿನ ವಿವರಗಳು ನನ್ನ ಕಚೇರಿಯ ದಾಖಲೆಗಳೊಂದಿಗೆ ತಾಳೆಯಾಗಿವೆ. ಮಾರ್ಚ್ 5ರಂದು ಕೇಂದ್ರಕ್ಕೆ ಭೇಟಿ ನೀಡಿ ಪರಿಶೀಲಿಸಿದ್ದು, ಬೆಳಿಗ್ಗೆ 10.15ಕ್ಕೆ ತೊಟ್ಟಿಯ ತಾಪಮಾನ 9.5 ಡಿಗ್ರಿ ಇತ್ತು. ಹೊಸ ಕಂಪ್ರೆಸರಿಗೆ ಶಿಫಾರಸು ಮಾಡಿ, ಅದು ಬರುವವರೆಗೆ ಎರವಲು ಯಂತ್ರಕ್ಕೆ ಅನುಮತಿ ಕೋರಿ, ಮುಂದಿನ ಆದೇಶಕ್ಕಾಗಿ ಸಲ್ಲಿಸಿದೆ.