ಕೇಳೋದಕ್ಕೂ ಒಂದು ಕೊನೇ ದಿನಾಂಕ ಇದೆ

ಪ್ರಾಂಶುಪಾಲರಿಗೆ, ವೇದಿಕೆ ಮೇಲಿರೋ ಮೇಡಂ, ಸರ್ ಎಲ್ಲರಿಗೂ, ಹಿಂದಿನ ಸಾಲಲ್ಲಿ ಬ್ಯಾಗ್ ಹಿಡ್ಕೊಂಡು ಕೂತಿರೋ ಅಪ್ಪ ಅಮ್ಮಂದಿರಿಗೆ, ಹೊಸದಾಗಿ ಸೇರಿರೋ ನಿಮಗೆಲ್ಲ ನಮಸ್ಕಾರ. ನಾನು ಇ ಅಂಡ್ ಸಿ, ಏಳನೇ ಸೆಮಿಸ್ಟರ್. ಸೀನಿಯರ್ಸ್ ಪರವಾಗಿ ಮಾತಾಡೋಕೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಲೈಬ್ರರಿ, ಲ್ಯಾಬ್, ಪ್ಲೇಸ್‌ಮೆಂಟ್ ಬಗ್ಗೆ ಬೆಳಗ್ಗೆಯಿಂದ ಕೇಳಿದ್ದೀರ. ನಾನು ಹೇಳೋದು ಒಂದೇ ವಿಷಯ: ತೊಂದರೆ ಆದಾಗ ಯಾರನ್ನ ಕೇಳಬೇಕು, ಯಾವಾಗ ಕೇಳಬೇಕು.

ಅದರಲ್ಲೂ ಯಾವಾಗ ಅನ್ನೋದೇ ಮುಖ್ಯ. ಇಲ್ಲಿ ಸಹಾಯ ಮಾಡೋ ಮನಸ್ಸು ತುಂಬ ಜನಕ್ಕಿದೆ. ಆದ್ರೆ ಅವರ ಕೈಯಲ್ಲಿರೋ ಅಧಿಕಾರಕ್ಕೆ ಒಂದು ದಿನಾಂಕ ಇರುತ್ತೆ. ಅದು ದಾಟಿದ ಮೇಲೆ ಹೋಗಿ ಅತ್ರೆ ಅವರೂ ಬೇಜಾರು ಮಾಡ್ಕೋತಾರೆ ಅಷ್ಟೇ, ಬೇರೇನೂ ಮಾಡೋಕಾಗಲ್ಲ.

ಅಟೆಂಡೆನ್ಸ್‌ನಿಂದ ಶುರು ಮಾಡೋಣ. ವಿಟಿಯು ನಿಯಮದ ಪ್ರಕಾರ ಪ್ರತಿ ವಿಷಯದಲ್ಲೂ 85% ಬೇಕು. ಎಲ್ಲ ಸೇರಿಸಿ ಸರಾಸರಿ ಅಲ್ಲ, ಪ್ರತಿ ವಿಷಯದಲ್ಲೂ. ಒಂದು ವಿಷಯಕ್ಕೆ ಸೆಮಿಸ್ಟರ್‌ನಲ್ಲಿ 40 ಕ್ಲಾಸ್ ಅಂತ ಇಟ್ಕೊಳ್ಳಿ. 34ಕ್ಕೆ ಬರಲೇಬೇಕು, ತಪ್ಪಿಸಬಹುದಾದ್ದು ಆರು. ಡೆಂಗಿ ಜ್ವರ ಬಂದು ಎರಡು ವಾರ ಮಲಗಿದ್ರೆ ಆರೂ ಮುಗೀತು. 75ರಿಂದ 85ರ ಮಧ್ಯೆ ಇದ್ದು, ಕಾರಣ ಸರಿಯಾಗಿದ್ದು, ದಾಖಲೆ ಇದ್ರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಮನ್ನಾ ಮಾಡೋ ಅವಕಾಶ ಇದೆ. 75ಕ್ಕಿಂತ ಕೆಳಗೆ ಆ ಬಾಗಿಲೂ ಇಲ್ಲ.

ಈಗ ಲೆಕ್ಕ ನೋಡಿ. 20 ಕ್ಲಾಸ್ ಆದಾಗ ನೀವು ಬಂದಿರೋದು 12. ಅಂದ್ರೆ 60%. ಅವತ್ತೇ ಮೆಂಟರ್, ಅಂದ್ರೆ ನಿಮ್ಮನ್ನ ನೋಡ್ಕೊಳ್ಳೋ ಲೆಕ್ಚರರ್ ಹತ್ರ ಹೋಗಿ, ಉಳಿದ 20ಕ್ಕೂ ಬಂದ್ರೆ ಕೊನೆಗೆ 80% ಆಗುತ್ತೆ, ಮನ್ನಾ ಕೇಳಬಹುದು. ಅದೇ 60% ಇಟ್ಕೊಂಡು 30 ಕ್ಲಾಸ್‌ವರೆಗೆ ಸುಮ್ಮನಿದ್ರೆ, ಆಮೇಲೆ ಒಂದೂ ತಪ್ಪಿಸದೆ ಬಂದ್ರೂ 70%. ಎರಡೂ ಕಡೆ ಶೇಕಡಾವಾರು ಒಂದೇ, ಆದ್ರೆ ಎರಡನೇ ಕಡೆ ಯಾರ ಕೈಯಲ್ಲೂ ಏನೂ ಉಳಿದಿರಲ್ಲ. ಹಾಗಾಗಿ ಜ್ವರ ಬಂದ ಎರಡನೇ ದಿನವೇ ಮೆಂಟರ್‌ಗೆ ಒಂದು ಮೆಸೇಜ್ ಹಾಕಿ. ಡಾಕ್ಟರ್ ಚೀಟಿ, ರಕ್ತಪರೀಕ್ಷೆ ರಿಪೋರ್ಟ್, ಅಡ್ಮಿಟ್ ಆಗಿದ್ರೆ ಡಿಸ್ಚಾರ್ಜ್ ಸಮ್ಮರಿ, ಮೂರನ್ನೂ ಎತ್ತಿಟ್ಕೊಳ್ಳಿ. ವಾಪಸ್ ಬಂದ ದಿನವೇ ಜೆರಾಕ್ಸ್ ಕೊಟ್ಟು, ತಲುಪಿದ ಸಹಿ ಹಾಕಿಸ್ಕೊಳ್ಳಿ. ಸೆಮಿಸ್ಟರ್ ಕೊನೇಲಿ ಹಿಂದಿನ ತಾರೀಖು ಹಾಕಿಸಿ ತಂದ ಸರ್ಟಿಫಿಕೇಟ್ ನೋಡಿದ ತಕ್ಷಣ ಎಲ್ಲರಿಗೂ ಗೊತ್ತಾಗುತ್ತೆ.

ಹೊಸನಗರ, ಸೊರಬ ಕಡೆಯಿಂದ ದಿನಾ ಬಂದು ಹೋಗೋರು ಇದ್ದೀರಲ್ಲ, ನಿಮಗೊಂದು ಮಾತು. ನಿಮ್ಮ ಬಸ್ ಶಿವಮೊಗ್ಗ ಸ್ಟ್ಯಾಂಡಿಗೆ ಬರೋದೇ 8.50ಕ್ಕೆ, ಮೊದಲ ಕ್ಲಾಸ್ ಇರೋದು 8.30ಕ್ಕೆ ಅಂದ್ರೆ ಮೊದಲ ಗಂಟೆಯ ವಿಷಯ ಪ್ರತಿ ವಾರ ಹೋಗ್ತಾ ಇರುತ್ತೆ. ಮೊದಲ ವಾರ ಹೇಳಿದ್ರೆ ಸೆಕ್ಷನ್ ಬದಲಾವಣೆನೋ, ಹಾಸ್ಟೆಲ್ ಸೀಟೋ ನೋಡ್ತಾರೆ. ಟೈಮ್‌ಟೇಬಲ್ ಗಟ್ಟಿಯಾದ ಮೇಲೆ ಕಷ್ಟ.

ಇನ್ನು ಓದು. ಇಂಟರ್ನಲ್ಸ್, ಅಂದ್ರೆ ಸಿಐಇ, 50ಕ್ಕೆ. ಅದರಲ್ಲಿ 20 ಬರದಿದ್ರೆ ಕೊನೇ ಪರೀಕ್ಷೆಗೆ ಕೂರೋಕೇ ಆಗಲ್ಲ. ಕೊನೇ ಪರೀಕ್ಷೆ 100ಕ್ಕೆ, ಕನಿಷ್ಠ 35. ಅದನ್ನ 50ಕ್ಕೆ ಇಳಿಸ್ತಾರೆ. ಎರಡೂ ಸೇರಿ 40 ಆಗಬೇಕು. ಇಲ್ಲೊಂದು ಗುಂಡಿ ಇದೆ: ಇಂಟರ್ನಲ್ಸ್‌ನಲ್ಲಿ 20, ಪರೀಕ್ಷೆಯಲ್ಲಿ 50ಕ್ಕೆ ಇಳಿಸಿದ ಮೇಲೆ 18, ಎರಡೂ ಕಡೆ ಪಾಸ್ ಅನ್ಕೊಂಡಿರ್ತೀರ. ಒಟ್ಟು 38, ಫೇಲ್. ಇಂಟರ್ನಲ್ಸ್ ಅಂಕ ಫೈನಲ್ ಆಗೋ ಮೊದಲು ಟೆಸ್ಟ್, ಅಸೈನ್‌ಮೆಂಟ್ ಅಂತ ಸರಿಪಡಿಸೋ ಜಾಗ ಇರುತ್ತೆ. ಅಂಕ ಅಪ್‌ಲೋಡ್ ಆದ ಮೇಲೆ ಲೆಕ್ಚರರ್ ಕಾಲಿಗೆ ಬಿದ್ರೂ ಅವರ ಲಾಗಿನ್‌ನಲ್ಲಿ ಅದು ತೆರೆಯಲ್ಲ. ಮೊದಲ ಟೆಸ್ಟ್ ಪೇಪರ್ ಕೈಗೆ ಬಂದ ವಾರವೇ ಕೇಳೋಕೆ ಸರಿಯಾದ ವಾರ.

ಗಣಿತದಲ್ಲಿ ಸಿಕ್ಕಿಹಾಕ್ಕೊಳ್ಳೋರು ಜಾಸ್ತಿ. "ಸರ್, ಏನೂ ಅರ್ಥ ಆಗ್ತಿಲ್ಲ" ಅಂದ್ರೆ ಯಾವ ಸರ್‌ಗೂ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗಲ್ಲ. ಹೋಗೋ ಮೊದಲು ಒಂದು ಲೆಕ್ಕ ತಗೊಂಡು, ಎಲ್ಲಿ ನಿಂತ್ರಿ ಅನ್ನೋದಕ್ಕೆ ಪೆನ್ಸಿಲಲ್ಲಿ ಗೆರೆ ಹಾಕಿ. ರೇಡಿಯಸ್ ಆಫ್ ಕರ್ವೇಚರ್ ಬರ್ತಿಲ್ಲ ಅನ್ನೋರಲ್ಲಿ ಬಹಳ ಜನಕ್ಕೆ ನಿಜವಾಗಿ ಬಾರದೇ ಇರೋದು ಪಿಯುಸಿಯ ಚೈನ್ ರೂಲ್. ಪಾರ್ಶಿಯಲ್ ಡಿಫರೆನ್ಸಿಯೇಶನ್‌ನಲ್ಲೂ ಅದೇ ಕಥೆ. ಹಳೇದು ಬಿಟ್ಟುಹೋಗಿದ್ರೆ ಒಂದು ವಾರದಲ್ಲಿ ಕಟ್ಕೋಬಹುದು, ಸೀನಿಯರ್ ಕೂತು ಹೇಳಿಕೊಟ್ರೂ ಸಾಕು. ಹೊಸದು ಹತ್ತುತ್ತಿಲ್ಲ ಅಂದ್ರೆ ಲೆಕ್ಚರರ್ ಹತ್ರ ಹೋಗಿ. ಯಾವುದು ಅಂತ ಗೊತ್ತಾದ್ರೆ ಅರ್ಧ ಕೆಲಸ ಆದ ಹಾಗೆ.

ಕನ್ನಡ ಮೀಡಿಯಂನಿಂದ ಬಂದೋರು ಇದ್ದೀರ. ಇಂಗ್ಲಿಷ್‌ನಲ್ಲಿ ವಾಕ್ಯ ಜೋಡಿಸೋ ಹೊತ್ತಿಗೆ ಸರ್ ಮುಂದಿನ ಪೇಜಿಗೆ ಹೋಗಿರ್ತಾರೆ. ಕನ್ನಡದಲ್ಲೇ ಕೇಳಿ: "ಸರ್, ಮೂರನೇ ಸ್ಟೆಪ್ಪಿಂದ ನಾಲ್ಕನೇ ಸ್ಟೆಪ್ ಹೆಂಗೆ ಬಂತು?" ಇಷ್ಟು ಸಾಕು. ಡೌಟ್ ಇಂಗ್ಲಿಷ್‌ನಲ್ಲೇ ಕೇಳಬೇಕು ಅನ್ನೋ ನಿಯಮ ಇಲ್ಲ. ಕ್ಲಾಸಲ್ಲಿ ನಾಚಿಕೆ ಆದ್ರೆ ಕ್ಲಾಸ್ ಮುಗಿದ ತಕ್ಷಣ, ಬೋರ್ಡ್ ಒರೆಸೋ ಮುಂಚೆ ಹೋಗಿ.

ಈಗ ದುಡ್ಡಿನ ವಿಷಯ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ ಬಂದಾಗ ಓಡಿದ್ರೆ ಆಗಲ್ಲ, ಯಾಕಂದ್ರೆ ಅರ್ಜಿ ನಿಲ್ಲೋದು ಅರ್ಜಿಯಲ್ಲಲ್ಲ, ಅದರ ಹಿಂದಿನ ಕಾಗದಗಳಲ್ಲಿ. ಮೊದಲನೇದು, ಆಧಾರ್‌ನಲ್ಲಿರೋ ಹೆಸರು ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ರೆ ಸಾಕು, ತಗಾದೆ ಶುರು. ಎರಡನೇದು, ನಾಡಕಚೇರಿಯಿಂದ ತಂದ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್. ಆದಾಯ ಪತ್ರದ ಅವಧಿ ಮುಗಿದಿದ್ಯಾ ನೋಡಿ. ಮೂರನೇದು ಬ್ಯಾಂಕ್. ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂತ ಬ್ಯಾಂಕಿನವರು ಹೇಳಿದ್ರೆ ಸಾಲದು, ಎನ್‌ಪಿಸಿಐ ಸೀಡಿಂಗ್ ಆಗಿರಬೇಕು, ಅಂದ್ರೆ ಸರ್ಕಾರದ ದುಡ್ಡು ಈ ಖಾತೆಗೇ ಹೋಗಬೇಕು ಅಂತ ಅಲ್ಲಿ ದಾಖಲಾಗಿರಬೇಕು. ಮೈಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೀವೇ ನೋಡಬಹುದು. ಹಳೇ ಖಾತೆ ಸೀಡ್ ಆಗಿ, ಅದು ನಿಷ್ಕ್ರಿಯ ಆಗಿದ್ರೆ ಮಂಜೂರಾದ ದುಡ್ಡೂ ಬರಲ್ಲ. ಆಮೇಲೆ ಕಾಲೇಜಿನಲ್ಲಿ ಇ-ಅಟೆಸ್ಟೇಶನ್, ಅಂದ್ರೆ ದಾಖಲೆಗಳನ್ನ ಆನ್‌ಲೈನ್‌ನಲ್ಲಿ ದೃಢೀಕರಿಸೋದು. ಇವನ್ನೆಲ್ಲ ಈ ತಿಂಗಳೇ ನೋಡ್ಕೊಳ್ಳಿ. ಹಾಸ್ಟೆಲ್ ಸೀಟು ಸಿಗದ ಅರ್ಹ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಲ್ಲಿ ಹತ್ತು ತಿಂಗಳು ಊಟ, ವಸತಿಗೆ ದುಡ್ಡು ಕೊಡೋ ಯೋಜನೆ ಇದೆ, ಅದನ್ನೂ ಕಾಲೇಜಿನ ಸ್ಕಾಲರ್‌ಶಿಪ್ ಕೌಂಟರ್‌ನಲ್ಲಿ ವಿಚಾರಿಸಿ.

ಫೀಸ್ ಕಂತು ಕಟ್ಟೋಕಾಗ್ತಿಲ್ಲ ಅಂದ್ರೆ ಕೊನೇ ದಿನಕ್ಕೆ ಮೊದಲೇ ಎಚ್‌ಒಡಿ ಮೂಲಕ ಪ್ರಾಂಶುಪಾಲರಿಗೆ ಅರ್ಧ ಪುಟದ ಅರ್ಜಿ ಕೊಡಿ: ಎಷ್ಟು ಬಾಕಿ, ಈಗ ಎಷ್ಟು ಕಟ್ಟಬಲ್ಲಿರಿ, ಉಳಿದದ್ದು ಯಾವ ತಾರೀಖಿಗೆ. ಅಡಿಕೆ ಕೊಯ್ಲು ಆದ ಮೇಲೆ ಕಟ್ತೀವಿ ಅಂತ ಬರೆಯೋಕೆ ನಾಚಿಕೆ ಯಾಕೆ? ಈ ಜಿಲ್ಲೆಯಲ್ಲಿ ಅದು ಎಲ್ಲರಿಗೂ ಅರ್ಥ ಆಗೋ ಕಾರಣ. ಮೊಬೈಲ್ ಲೋನ್ ಆ್ಯಪ್ ಕಡೆ ಮಾತ್ರ ಹೋಗಬೇಡಿ. ಐದು ಸಾವಿರಕ್ಕೆ ಶುರುವಾಗಿ, ನಿಮ್ಮ ಫೋನಲ್ಲಿರೋ ನಂಬರ್‌ಗಳಿಗೆಲ್ಲ ಫೋನ್ ಮಾಡಿ ಮರ್ಯಾದೆ ತೆಗೆಯೋವರೆಗೆ ಹೋಗುತ್ತೆ. ಆನ್‌ಲೈನ್‌ನಲ್ಲಿ ದುಡ್ಡು ಹೋಯ್ತು ಅಂದ್ರೆ ಯಾರಿಗೂ ಹೇಳದೆ ರಾತ್ರಿಯೆಲ್ಲ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಜಿಗಿಯೋ ಮೊದಲು ತಡೆಹಿಡಿಯೋಕೆ ಸಾಧ್ಯ ಆಗೋದು ಮೊದಲ ಕೆಲವು ಗಂಟೆಗಳಲ್ಲಿ.

ರ‍್ಯಾಗಿಂಗ್ ಬಗ್ಗೆ ಸೀನಿಯರ್ ಬಾಯಲ್ಲೇ ಕೇಳಿ. "ಬರೀ ಪರಿಚಯ" ಅಂತ ರಾತ್ರಿ ರೂಮಿಗೆ ಕರೆಯೋದು, ರೆಕಾರ್ಡ್ ಬರೆಸೋದು, ಹಾಡಿಸೋದು, ಕುಣಿಸೋದು, ಎಲ್ಲ ರ‍್ಯಾಗಿಂಗೇ. ಮೊದಲ ಸಲವೇ ವಾರ್ಡನ್‌ಗೆ ಹೇಳಿ, ಇಲ್ಲಾಂದ್ರೆ ಯುಜಿಸಿ ಸಹಾಯವಾಣಿ 1800-180-5522. ಲೈಂಗಿಕ ಕಿರುಕುಳ ಆದ್ರೆ ಕಾಲೇಜಿನ ಆಂತರಿಕ ಸಮಿತಿಗೆ ಲಿಖಿತ ದೂರು ಕೊಡೋಕೆ ಘಟನೆಯಿಂದ ಮೂರು ತಿಂಗಳ ಅವಧಿ ಇದೆ. ಸರಿಯಾದ ಕಾರಣ ಇದ್ರೆ ಸಮಿತಿ ಅದನ್ನ ವಿಸ್ತರಿಸಬಹುದು. ಬರೆಯೋಕೆ ಆಗ್ತಿಲ್ಲ ಅಂದ್ರೆ ಸಮಿತಿಯವರೇ ಬರೆಯೋಕೆ ನೆರವಾಗಬೇಕು. ಮೆಸೇಜ್, ಸ್ಕ್ರೀನ್‌ಶಾಟ್ ಸಿಟ್ಟಲ್ಲಿ ಡಿಲೀಟ್ ಮಾಡಬೇಡಿ.

ಮನಸ್ಸಿನ ವಿಷಯಕ್ಕೆ ಬರ್ತೀನಿ. ಮೊದಲ ತಿಂಗಳು ಮನೆ ನೆನಪಾಗಿ ಅಳು ಬರೋದು ಸಹಜ, ಸಾಮಾನ್ಯವಾಗಿ ತಾನಾಗೇ ಇಳಿಯುತ್ತೆ. ಎರಡು ವಾರ ಕಳೆದ್ರೂ ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಕ್ಲಾಸಿಗೆ ಏಳೋಕೇ ಆಗ್ತಿಲ್ಲ, ಇಷ್ಟವಾದ್ದೂ ಬೇಡ ಅನ್ನಿಸ್ತಿದೆ ಅಂದ್ರೆ ಅದನ್ನ ಸೋಮಾರಿತನ ಅನ್ಕೋಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮುಖಾಮುಖಿ ಮಾತಾಡಬೇಕಂದ್ರೆ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ರೂಮ್‌ಮೇಟ್ ಯಾರಾದ್ರೂ ಸಾಯೋ ಮಾತಾಡಿದ್ರೆ, "ಯಾರಿಗೂ ಹೇಳಬೇಡ" ಅಂತ ಆಣೆ ಹಾಕಿಸ್ಕೊಂಡ್ರೂ ಆ ಆಣೆ ಮುರೀರಿ. ಅವರನ್ನ ಒಬ್ಬರನ್ನೇ ಬಿಡಬೇಡಿ, ಅದೇ ರಾತ್ರಿ ವಾರ್ಡನ್‌ನ ಎಬ್ಬಿಸಿ, ಅಪಾಯ ಅನ್ನಿಸಿದ್ರೆ 112.

ಕೊನೇದಾಗಿ, ಕೇಳೋದು ಹೇಗೆ. "ಸರ್, ಒಂದು ಪ್ರಾಬ್ಲಂ ಇದೆ" ಅಂತ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದ್ರೆ ಉತ್ತರ ಬರಲ್ಲ, ಬರೋದೂ ಬೇಡ. ಹೀಗೆ ಬರೀರಿ:

"ನಮಸ್ಕಾರ ಸರ್. ನಾನು ಮೊದಲ ಸೆಮ್ ಸಿ ಸೆಕ್ಷನ್. ಗಣಿತದ ಮೊದಲ ಟೆಸ್ಟ್‌ನಲ್ಲಿ 25ಕ್ಕೆ 6 ಬಂದಿದೆ. ಪೋಲಾರ್ ಕರ್ವ್ಸ್ ಲೆಕ್ಕ ಎರಡನೇ ಸ್ಟೆಪ್‌ಗೆ ನಿಲ್ಲುತ್ತೆ, ನೋಟ್ಸ್ ನೋಡಿ ನಾಲ್ಕು ಲೆಕ್ಕ ಮಾಡಿದ್ದೀನಿ. ಎರಡನೇ ಟೆಸ್ಟ್‌ಗೆ ಮೂರು ವಾರ ಇದೆ. ಬುಧವಾರ ಅಥವಾ ಗುರುವಾರ ಮಧ್ಯಾಹ್ನ ಹದಿನೈದು ನಿಮಿಷ ಸಿಗಬಹುದಾ?"

ಹೆಸರು, ಯುಎಸ್‌ಎನ್, ಅಂದ್ರೆ ವಿಟಿಯು ಕೊಡೋ ನಂಬರ್, ಹಾಕೋದು ಮರೀಬೇಡಿ. ಯುಎಸ್‌ಎನ್ ಇನ್ನೂ ಬಂದಿಲ್ಲದಿದ್ರೆ ಅಡ್ಮಿಶನ್ ನಂಬರ್. ಎರಡು ದಿನದಲ್ಲಿ ಉತ್ತರ ಬರದಿದ್ರೆ ಸ್ಟಾಫ್ ರೂಮಿಗೆ ನೇರ ಹೋಗಿ. ಮೆಂಟರ್ ಕೈಯಲ್ಲಿ ಆಗದಿದ್ರೆ ಎಚ್‌ಒಡಿ, ಆಮೇಲೆ ಪ್ರಾಂಶುಪಾಲರು. ಮೆಂಟರ್ ಬಗ್ಗೆಯೇ ದೂರು ಇದ್ರೆ ನೇರ ಎಚ್‌ಒಡಿ.

ಈ ತಿಂಗಳ ಕೊನೇವರೆಗೆ ಪ್ರತಿ ಗುರುವಾರ ಸಂಜೆ 4ರಿಂದ 5.30ರವರೆಗೆ ಎ ಬ್ಲಾಕ್ ನೆಲಮಹಡಿಯ 12ನೇ ಕೊಠಡಿಯಲ್ಲಿ ನಾವು ಸೀನಿಯರ್ಸ್ ಕೂತಿರ್ತೀವಿ. ಸ್ಕಾಲರ್‌ಶಿಪ್‌ಗೆ ಬರೋರು ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆರ್‌ಡಿ ನಂಬರ್ ಇರೋ ಪ್ರಮಾಣಪತ್ರ, ಪಾಸ್‌ಬುಕ್ ತನ್ನಿ. ಆಧಾರ್‌ಗೆ ಲಿಂಕ್ ಆಗಿರೋ ಮೊಬೈಲೂ ಬೇಕು, ಒಟಿಪಿ ಅದಕ್ಕೇ ಬರುತ್ತೆ. ಅದು ಅಪ್ಪನ ಫೋನ್ ಆಗಿದ್ರೆ, ಅಪ್ಪಂದಿರು ಇವತ್ತು ಇಲ್ಲೇ ಇದ್ದಾರೆ, ಊಟ ಆದ ಮೇಲೆ ಅವರನ್ನೂ ಕರ್ಕೊಂಡು 12ನೇ ಕೊಠಡಿಗೆ ಬನ್ನಿ, ಇವತ್ತೇ ನೋಡಿಬಿಡೋಣ.