ಹೂಡಿಕೆ ಕ್ಲಬ್‌ನ ಹೊಸ ಸದಸ್ಯರಿಗೆ: ಆಪ್ಷನ್ ಬಳಸಿ ಹೆಡ್ಜಿಂಗ್

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಕ್ಲಬ್‌ಗೆ ಈ ವರ್ಷ ಸೇರಿದ ನಿಮಗೆಲ್ಲ ಸ್ವಾಗತ. ಸದಸ್ಯತ್ವದ ಅರ್ಜಿಯಲ್ಲಿ ‘ಏನು ಕಲಿಯಬೇಕೆಂದಿದ್ದೀರಿ?’ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಬಹಳ ಮಂದಿ ‘ಆಪ್ಷನ್’ ಎಂದು ಬರೆದಿದ್ದೀರಿ. ಸಂತೋಷ. ಆದರೆ ಆ ಉತ್ತರಗಳನ್ನೆಲ್ಲ ಓದಿದ ಮೇಲೆ ನನಗೆ ತಿಳಿದದ್ದು, ಕಡಿಮೆ ಹಣ ಹಾಕಿ ಬೇಗ ಹೆಚ್ಚು ಗಳಿಸುವ ದಾರಿ ಎಂದೇ ನೀವು ಆಪ್ಷನ್ನನ್ನು ಕಂಡಿದ್ದೀರಿ ಎಂಬುದು. ಇವತ್ತು ಆ ದಾರಿಗೆ ನಾನು ಬರುವುದಿಲ್ಲ. ಈಗಾಗಲೇ ಕೈಯಲ್ಲಿರುವ ಹೂಡಿಕೆಯನ್ನು ದೊಡ್ಡ ಕುಸಿತದಿಂದ ಕಾಪಾಡಿಕೊಳ್ಳುವುದಕ್ಕೆ, ಅಂದರೆ ಹೆಡ್ಜಿಂಗ್‌ಗೆ, ಆಪ್ಷನ್ ಹೇಗೆ ನೆರವಾಗುತ್ತದೆ, ಅದಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದಷ್ಟೇ ಇವತ್ತಿನ ವಿಷಯ.

ಆಪ್ಷನ್ ಎಂದರೆ ಒಂದು ಒಪ್ಪಂದ. ಪುಟ್ ಆಪ್ಷನ್ ಕೊಂಡವರಿಗೆ, ನಿಗದಿತ ಬೆಲೆಗೆ ಷೇರನ್ನು ಮಾರುವ ಹಕ್ಕು ಸಿಗುತ್ತದೆ. ಕಾಲ್ ಆಪ್ಷನ್ ಕೊಂಡವರಿಗೆ ನಿಗದಿತ ಬೆಲೆಗೆ ಕೊಳ್ಳುವ ಹಕ್ಕು. ಆ ನಿಗದಿತ ಬೆಲೆಯೇ ಸ್ಟ್ರೈಕ್, ಹಕ್ಕು ಮುಗಿಯುವ ದಿನವೇ ಎಕ್ಸ್‌ಪೈರಿ, ಹಕ್ಕಿಗಾಗಿ ಕೊಡುವ ಹಣವೇ ಪ್ರೀಮಿಯಂ. ಕೊಂಡವರಿಗೆ ಹಕ್ಕು ಮಾತ್ರ, ಬಾಧ್ಯತೆ ಇಲ್ಲ. ಮಾರಿದವರಿಗೆ ಬಾಧ್ಯತೆ ಮಾತ್ರ, ಹಕ್ಕು ಇಲ್ಲ. ಈ ಕೊನೆಯ ಮಾತನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲಿ ಬೇಕಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಬಳಿ 100 ಷೇರುಗಳಿವೆ, ಒಂದರ ಬೆಲೆ 500. ಒಟ್ಟು 50,000. ಮೂರು ತಿಂಗಳ ಅವಧಿಯ, 475 ಸ್ಟ್ರೈಕ್‌ನ ಪುಟ್ ಪ್ರತಿ ಷೇರಿಗೆ 12ರಂತೆ ಸಿಗುತ್ತಿದೆ ಎಂದುಕೊಳ್ಳಿ. 100 ಷೇರಿಗೂ ಕೊಂಡರೆ ಪ್ರೀಮಿಯಂ 1,200.

ಎಕ್ಸ್‌ಪೈರಿಯ ದಿನ ಷೇರು 400ಕ್ಕೆ ಬಿದ್ದಿದೆ. ಷೇರಿನಲ್ಲಿ 10,000 ನಷ್ಟ. ಆದರೆ 400ರ ಷೇರನ್ನು 475ಕ್ಕೆ ಮಾರುವ ಹಕ್ಕಿಗೆ ಈಗ 7,500 ಬೆಲೆ. ಪ್ರೀಮಿಯಂ ಸೇರಿಸಿ ನೋಡಿದರೆ ನಿವ್ವಳ ನಷ್ಟ 3,700. ಷೇರು 300ಕ್ಕೆ ಬಿದ್ದರೂ, 200ಕ್ಕೆ ಬಿದ್ದರೂ ಅದೇ 3,700. ಅಂದರೆ ಆರಂಭದ ಮೊತ್ತದ ಶೇಕಡಾ 7.4. ಷೇರು 560ಕ್ಕೆ ಏರಿದ್ದರೆ? 6,000 ಲಾಭದಲ್ಲಿ 1,200 ಹೋಗಿ 4,800 ಉಳಿಯುತ್ತದೆ. ಪುಟ್ ಬೆಲೆಯಿಲ್ಲದೆ ಮುಗಿಯುತ್ತದೆ, ಅಷ್ಟೇ.

ನಿಜವಾಗಿ ತಲೆ ಕೆಡಿಸುವುದು ಮೂರನೆಯ ಸಂದರ್ಭ. ಷೇರು 480ಕ್ಕೆ ಇಳಿದು ನಿಂತಿದೆ. ಷೇರಿನಲ್ಲಿ 2,000 ನಷ್ಟ, ಪುಟ್‌ನಿಂದ ಬಿಡಿಗಾಸೂ ಇಲ್ಲ, ಮೇಲೆ ಪ್ರೀಮಿಯಂ ಬೇರೆ. ಒಟ್ಟು 3,200 ಹೋಯಿತು. ಹೊಸಬರು ಹೆಡ್ಜಿಂಗ್ ಕೈಬಿಡುವುದು ಸಾಮಾನ್ಯವಾಗಿ ಇಂಥ ತ್ರೈಮಾಸಿಕದ ನಂತರವೇ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಕಾರಣ. ಬೆಂಕಿ ಬೀಳದ ವರ್ಷ ವಿಮೆಯ ಕಂತು ದಂಡವಾಯಿತು ಎಂದು ಯಾರೂ ಕೊರಗುವುದಿಲ್ಲ.

ಆದರೆ ಕೈಬಿಡಲು ಒಂದು ಸರಿಯಾದ ಕಾರಣವೂ ಇದೆ, ಅದು ಖರ್ಚು. ಮೂರು ತಿಂಗಳಿಗೆ ಶೇಕಡಾ 2.4 ಎಂದರೆ ಕಡಿಮೆ ಅನ್ನಿಸುತ್ತದೆ. ಅದೇ ದರದಲ್ಲಿ ವರ್ಷಕ್ಕೆ ನಾಲ್ಕು ಬಾರಿ ಕೊಂಡರೆ 4,800, ಶೇಕಡಾ 9.6. ಷೇರಿನಿಂದ ವರ್ಷಕ್ಕೆ ನೀವು ನಿರೀಕ್ಷಿಸುವ ಲಾಭ ಎಷ್ಟು? ಹೆಚ್ಚು ಕಡಿಮೆ ಅಷ್ಟೇ ಆಗಿದ್ದರೆ, ಎಲ್ಲ ಕಾಲಕ್ಕೂ ಪೂರ್ತಿ ರಕ್ಷಣೆ ಕೊಳ್ಳುವವರಿಗೆ ಷೇರು ಇಟ್ಟುಕೊಂಡ ಪ್ರಯೋಜನವೇ ಉಳಿಯುವುದಿಲ್ಲ. ಅಷ್ಟು ಭಯವಿದ್ದರೆ ಅರ್ಧ ಷೇರು ಮಾರಿ ನಗದು ಇಟ್ಟುಕೊಳ್ಳುವುದೇ ಅಗ್ಗದ ಹೆಡ್ಜ್. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಹಾಗಾದರೆ ಪುಟ್ ಯಾರಿಗೆ? ಮಾರಲು ಇಷ್ಟವಿಲ್ಲದವರಿಗೆ ಅಥವಾ ಮಾರಲಾಗದವರಿಗೆ, ಇಂತಿಷ್ಟು ನಷ್ಟವನ್ನು ತಾಳಬಲ್ಲೆ, ಅದಕ್ಕಿಂತ ಹೆಚ್ಚನ್ನು ತಾಳಲಾರೆ ಎಂಬ ಗೆರೆ ಸ್ಪಷ್ಟವಾಗಿರುವವರಿಗೆ. ಮೊದಲು ಗೆರೆ, ಆಮೇಲೆ ಸ್ಟ್ರೈಕ್. ಅಗ್ಗವಾಗಿದೆ ಎಂದು 400ರ ಪುಟ್ ಕೊಂಡರೆ ಮೊದಲ ಶೇಕಡಾ 20ರ ನಷ್ಟ ಪೂರ್ತಿಯಾಗಿ ನಿಮ್ಮದೇ.

ಖರ್ಚು ತಗ್ಗಿಸಲು ಒಂದು ಉಪಾಯವಿದೆ: ಕಾಲರ್. 475ರ ಪುಟ್ ಕೊಳ್ಳುವ ಜೊತೆಗೆ 540 ಸ್ಟ್ರೈಕ್‌ನ ಕಾಲ್ ಅನ್ನು 10ಕ್ಕೆ ಮಾರುತ್ತೀರಿ. ನಿವ್ವಳ ಖರ್ಚು 1,200ರಿಂದ 200ಕ್ಕೆ ಇಳಿಯುತ್ತದೆ. ಗರಿಷ್ಠ ನಷ್ಟ 2,700. ಆದರೆ ಷೇರು 700ಕ್ಕೆ ಏರಿದರೂ ನಿಮಗೆ ಸಿಗುವುದು 3,800 ಮಾತ್ರ. ಮೇಲಿನ ಲಾಭವನ್ನು ಕೊಟ್ಟು ಕೆಳಗಿನ ನೆಲವನ್ನು ಕೊಂಡಂತಾಯಿತು. ಬರೆದಿಟ್ಟುಕೊಳ್ಳಲು ಹೇಳಿದ ಮಾತು ಇಲ್ಲಿ ಬೇಕು: ಕಾಲ್ ಮಾರಿದವರಿಗೆ ಬಾಧ್ಯತೆ ಇರುತ್ತದೆ. ಕೈಯಲ್ಲಿ 100 ಷೇರು ಇರುವುದರಿಂದ ಅದನ್ನು ನಿಭಾಯಿಸಬಹುದು. ಷೇರೇ ಇಲ್ಲದೆ ಕಾಲ್ ಮಾರಿದರೆ ನಷ್ಟಕ್ಕೆ ಮಿತಿಯೇ ಇಲ್ಲ, ಅದು ಹೆಡ್ಜಿಂಗ್ ಅಲ್ಲವೇ ಅಲ್ಲ.

‘ಸ್ಟಾಪ್ ಲಾಸ್ ಹಾಕಿದರೆ ಸಾಲದೇ?’ ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. 475ಕ್ಕೆ ಸ್ಟಾಪ್ ಲಾಸ್, ಅಂದರೆ ಬೆಲೆ ಅಲ್ಲಿಗೆ ಇಳಿದರೆ ಷೇರನ್ನು ಮಾರಿಬಿಡಿ ಎಂಬ ಆದೇಶ, ಹಾಕಿದ್ದೀರಿ, ಕೆಟ್ಟ ಸುದ್ದಿಯೊಂದರಿಂದ ಮರುದಿನ ಮಾರುಕಟ್ಟೆ 430ಕ್ಕೇ ತೆರೆದುಕೊಂಡಿತು. ನಿಮಗೆ ಸಿಗುವುದು 430ರ ಆಸುಪಾಸು, ಆ ಬೆಲೆಗಾದರೂ ಕೊಳ್ಳುವವರಿದ್ದರೆ. ಇದರ ದೊಡ್ಡ ಪಾಠ 1987ರ ಅಕ್ಟೋಬರ್ 19ರದು. ಅಮೆರಿಕದ ದೊಡ್ಡ ನಿಧಿಗಳಲ್ಲಿ ಹಲವು ಆಗ ‘ಪೋರ್ಟ್‌ಫೋಲಿಯೊ ಇನ್ಶೂರೆನ್ಸ್’ ಎಂಬ ತಂತ್ರವನ್ನು ನಂಬಿದ್ದವು. ಅವು ಪುಟ್ ಕೊಂಡಿರಲಿಲ್ಲ. ಮಾರುಕಟ್ಟೆ ಇಳಿದಷ್ಟೂ ಸೂಚ್ಯಂಕದ ಫ್ಯೂಚರ್ಸ್, ಅಂದರೆ ಮುಂದಿನ ದಿನಾಂಕದ ವ್ಯವಹಾರಕ್ಕೆ ಈಗಲೇ ಬೆಲೆ ನಿಗದಿ ಮಾಡುವ ಒಪ್ಪಂದಗಳನ್ನು, ಮಾರುತ್ತ ಹೋಗಿ ಪುಟ್‌ನಂಥದೇ ಫಲ ಪಡೆಯುವುದು ಅವುಗಳ ಯೋಜನೆ. ಆ ದಿನ ಎಲ್ಲರೂ ಒಟ್ಟಿಗೆ ಮಾರಲು ಹೊರಟರು, ಡೌ ಜೋನ್ಸ್ ಒಂದೇ ದಿನದಲ್ಲಿ ಶೇಕಡಾ 22.6 ಕುಸಿಯಿತು. ಪುಟ್ ಇದ್ದವರ ಮಾರುವ ಬೆಲೆ ಮೊದಲೇ ಒಪ್ಪಂದದಲ್ಲಿರುತ್ತದೆ, ದಾರಿಯಲ್ಲಿ ಏನೇ ಆದರೂ ಅದು ಬದಲಾಗುವುದಿಲ್ಲ. ಪ್ರೀಮಿಯಂ ಕೊಡುವುದು ಇದಕ್ಕಾಗಿಯೇ.

ಆ ಪ್ರೀಮಿಯಂ ಮಾತ್ರ ಸ್ಥಿರವಲ್ಲ. ಮುಂದೆ ಎಷ್ಟು ಏರಿಳಿತವಾಗಬಹುದೆಂದು ಮಾರುಕಟ್ಟೆ ಅಂದಾಜಿಸುತ್ತದೋ ಅದರಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಆಪ್ಷನ್‌ಗಳಿಂದ ಈ ಅಂದಾಜನ್ನು ಲೆಕ್ಕ ಹಾಕುವ ವಿಕ್ಸ್, 2020ರ ಮಾರ್ಚ್ 16ರಂದು 82.69ರಲ್ಲಿ ಮುಗಿಯಿತು. ಅಂಥ ದಿನ ರಕ್ಷಣೆ ಕೊಳ್ಳಲು ಹೋದವರು ವಿಪರೀತ ಬೆಲೆ ತೆತ್ತಿರುತ್ತಾರೆ. ಅವಧಿಯ ಲೆಕ್ಕವೂ ಹೀಗೆಯೇ ನಿಷ್ಠುರ. ಎಕ್ಸ್‌ಪೈರಿ ಹತ್ತಿರವಾದಂತೆ ಸಾಮಾನ್ಯವಾಗಿ ಆಪ್ಷನ್‌ನ ಸಮಯದ ಮೌಲ್ಯ, ಅಂದರೆ ಉಳಿದ ಅವಧಿಗಾಗಿ ಅದಕ್ಕಿರುವ ಬೆಲೆ, ಬೇಗ ಬೇಗ ಕರಗುತ್ತದೆ, ಎಕ್ಸ್‌ಪೈರಿಯ ಮರುದಿನ ಕುಸಿತವಾದರೆ ನಿಮ್ಮ ಬಳಿ ಏನೂ ಇರುವುದಿಲ್ಲ.

ಇನ್ನೊಂದು ವಿಷಯ. ಹಲವು ಷೇರುಗಳಿದ್ದಾಗ ಪ್ರತಿಯೊಂದಕ್ಕೂ ಪುಟ್ ಕೊಳ್ಳದೆ ಸೂಚ್ಯಂಕದ ಪುಟ್ ಕೊಳ್ಳುವುದು ವಾಡಿಕೆ. ಸಾಮಾನ್ಯವಾಗಿ ಅಗ್ಗ, ಆದರೆ ನಿಮ್ಮ ಷೇರುಗಳು ಬಿದ್ದು ಸೂಚ್ಯಂಕ ಬೀಳದಿದ್ದರೆ ಆ ಹೆಡ್ಜ್ ನಿಮ್ಮ ನೆರವಿಗೆ ಬರುವುದಿಲ್ಲ.

ನಮ್ಮ ಕ್ಲಬ್‌ನಲ್ಲಿ ಮೊದಲ ಸೆಮಿಸ್ಟರ್ ಪೂರ್ತಿ ಕಾಗದದ ಮೇಲಿನ ವ್ಯವಹಾರ ಮಾತ್ರ, ನಿಜವಾದ ಹಣವಿಲ್ಲ. ಮುಂದಿನ ಶುಕ್ರವಾರದ ಸಭೆಗೆ ಪ್ರತಿಯೊಬ್ಬರೂ ಒಂದು ಹಾಳೆ ತನ್ನಿ. ನೀವು ಆರಿಸಿದ ಷೇರು, ನೀವು ತಾಳಬಲ್ಲ ನಷ್ಟ, ಅದಕ್ಕೆ ಹೊಂದುವ ಪುಟ್, ಅದರ ವಾರ್ಷಿಕ ಖರ್ಚು ಅದರಲ್ಲಿರಲಿ. ಹೆಡ್ಜ್ ಬೇಡವೆಂದು ನಿರ್ಧರಿಸಿದವರೂ ಲೆಕ್ಕ ತೋರಿಸಬೇಕು. ಈಗ ಪ್ರಶ್ನೆಗಳಿಗೆ ಸಮಯವಿದೆ, ಹಿಂದಿನ ಸಾಲಿನವರಿಂದಲೇ ಶುರುವಾಗಲಿ.