ದತ್ತಾಂಶ ಸಾಕೇ, ಸಾಲದೇ? ಭಾನುವಾರದ ಅಭ್ಯಾಸ ಹಾಳೆ (ಗಂಗಾವತಿ ಬ್ಯಾಚ್, 9 ಪ್ರಶ್ನೆ, 12 ನಿಮಿಷ)

ಬ್ಯಾಂಕ್ ಪರೀಕ್ಷೆಗೆ ಕೂರುವವರಿಗೆ ಈ ಭಾಗ ಅಂದರೆ ಸ್ವಲ್ಪ ಹೆದರಿಕೆ. ಹೆದರಬೇಕಾದ್ದು ಲೆಕ್ಕಕ್ಕಲ್ಲ, ನಿಮ್ಮ ಕೈ ಚುರುಕಿಗೆ. ಪೆನ್ನು ಸಿಕ್ಕಿದ ಕೂಡಲೇ ಉತ್ತರ ತೆಗೆಯಲು ಕೂರುತ್ತೀರಿ. ಇಲ್ಲಿ ಉತ್ತರ ಯಾರೂ ಕೇಳಿಲ್ಲ. ಕೊಟ್ಟ ಮಾಹಿತಿಯಿಂದ ಒಂದೇ ಒಂದು ಉತ್ತರ ಬರುತ್ತದೆಯೋ ಇಲ್ಲವೋ, ಅಷ್ಟೇ ಕೇಳಿದ್ದಾರೆ.

ಪ್ರತಿ ಪ್ರಶ್ನೆಯ ಕೆಳಗೆ ಎರಡು ಹೇಳಿಕೆ ಇವೆ. ಉತ್ತರ ಹೀಗೆ ಗುರುತಿಸಿ:

ಅ) ಹೇಳಿಕೆ 1 ಒಂದೇ ಸಾಕು, 2 ಒಂದೇ ಸಾಲದು.
ಆ) ಹೇಳಿಕೆ 2 ಒಂದೇ ಸಾಕು, 1 ಒಂದೇ ಸಾಲದು.
ಇ) ಎರಡರಲ್ಲಿ ಯಾವುದು ಒಂದಿದ್ದರೂ ಸಾಕು.
ಈ) ಬಿಡಿಯಾಗಿ ಯಾವುದೂ ಸಾಲದು, ಎರಡೂ ಸೇರಿದರೆ ಸಾಕು.
ಉ) ಎರಡೂ ಸೇರಿದರೂ ಸಾಲದು.

ಹೇಳಿಕೆ 2 ಓದುವಾಗ ಹೇಳಿಕೆ 1ನ್ನು ಕೈಯಿಂದ ಮುಚ್ಚಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿ ಅಂಗೈ ಇಡಿ. ಒಂದನೆಯದು ತಲೆಯಲ್ಲಿ ಕೂತಿದ್ದರೆ ಎರಡನೆಯದು ಒಂದೇ ಸಾಕು ಅನ್ನಿಸಿಬಿಡುತ್ತದೆ. ಕಂಪ್ಯೂಟರ್ ಪರದೆಯ ಮೇಲೂ ಇದನ್ನೇ ಮಾಡಿ, ಯಾರೂ ಬೈಯುವುದಿಲ್ಲ.

ಪ್ರಶ್ನೆಗಳು

1. ಆನೆಗೊಂದಿ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಒಬ್ಬ ಹುಡುಗ ಎಲ್ಲೂ ನಿಲ್ಲದೆ ಒಂದೇ ವೇಗದಲ್ಲಿ ಹತ್ತಿದ. ಎಷ್ಟು ನಿಮಿಷ ಹಿಡಿಯಿತು?
(1) ನಿಮಿಷಕ್ಕೆ 25 ಮೆಟ್ಟಿಲು ಹತ್ತಿದ.
(2) ಬೆಳಿಗ್ಗೆ 6:10ಕ್ಕೆ ಮೊದಲ ಮೆಟ್ಟಿಲು ಹತ್ತಿ, 6:33ಕ್ಕೆ ಮೇಲೆ ತಲುಪಿದ.

2. ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆ ಕೆಜಿಗೆ ಎಷ್ಟು?
(1) 2 ಕೆಜಿ ಸೋನಾ ಮಸೂರಿ ಮತ್ತು 3 ಕೆಜಿ ತೊಗರಿಬೇಳೆಗೆ ಒಟ್ಟು 540 ರೂಪಾಯಿ.
(2) 4 ಕೆಜಿ ಸೋನಾ ಮಸೂರಿ ಮತ್ತು 6 ಕೆಜಿ ತೊಗರಿಬೇಳೆಗೆ ಒಟ್ಟು 1,080 ರೂಪಾಯಿ.

3. ಬಳ್ಳಾರಿಯ ಒಂದು ಸಣ್ಣ ಜೀನ್ಸ್ ಘಟಕದಲ್ಲಿ ಈ ತಿಂಗಳು ಹೊಲಿದ ಪ್ಯಾಂಟುಗಳ ಸಂಖ್ಯೆ 3,000 ದಾಟಿತೇ?
(1) ಮೊದಲ 20 ಕೆಲಸದ ದಿನಗಳಲ್ಲಿ 2,200 ಪ್ಯಾಂಟು ಹೊಲಿದರು.
(2) ತಿಂಗಳಲ್ಲಿ ಒಟ್ಟು 26 ದಿನ ಕೆಲಸ ನಡೆಯಿತು. ಯಾವ ದಿನವೂ 115ಕ್ಕಿಂತ ಜಾಸ್ತಿ ಹೊಲಿಯಲಿಲ್ಲ.

4. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ 8 ಘಟಕ. ಮೊದಲ ಏಳು ತಲಾ 210 ಮೆಗಾವ್ಯಾಟ್, ಎಂಟನೆಯದು 250 ಮೆಗಾವ್ಯಾಟ್. ಒಂದು ದಿನ ನಡೆಯುತ್ತಿದ್ದ ಘಟಕಗಳೆಲ್ಲ ಪೂರ್ತಿ ಸಾಮರ್ಥ್ಯದಲ್ಲಿ ನಡೆದವು ಎಂದುಕೊಳ್ಳಿ. ಉತ್ಪಾದನೆ ಒಟ್ಟು ಎಷ್ಟು ಮೆಗಾವ್ಯಾಟ್?
(1) ಆ ದಿನ ಮೂರೇ ಘಟಕ ನಿಂತಿದ್ದವು.
(2) ಆ ದಿನ ಎಂಟನೇ ಘಟಕ ನಡೆಯುತ್ತಿತ್ತು.

5. x > 3 ಹೌದೇ?
(1) x² = 9
(2) x < 5

6. ನ್ಯಾಯಬೆಲೆ ಅಂಗಡಿ ಮುಂದೆ ಬಸಮ್ಮ, ಈರಮ್ಮ, ಶರಣಪ್ಪ, ಹುಸೇನಪ್ಪ, ಯಂಕಪ್ಪ ಐದೇ ಜನ ಒಂದು ಸಾಲಿನಲ್ಲಿ ನಿಂತಿದ್ದಾರೆ. ಕೊನೆಯಲ್ಲಿ ಇರುವವರು ಯಾರು?
(1) ಬಸಮ್ಮನ ಹಿಂದೆ ಇಬ್ಬರೇ ಇದ್ದಾರೆ. ಅವರಲ್ಲಿ ಈರಮ್ಮ ಬಸಮ್ಮನ ಬೆನ್ನಿಗೇ ನಿಂತಿದ್ದಾಳೆ.
(2) ಹುಸೇನಪ್ಪ ಮತ್ತು ಯಂಕಪ್ಪನ ನಡುವೆ ಯಾರೂ ಇಲ್ಲ.

7. ಬಳ್ಳಾರಿಯ ಒಂದು ಹೋಟೆಲಿನಲ್ಲಿ ಒಗ್ಗರಣಿ ಪ್ಲೇಟಿಗೆ 30 ರೂಪಾಯಿ, ಮಿರ್ಚಿ ಒಂದಕ್ಕೆ 7 ರೂಪಾಯಿ. ಗೆಳೆಯರು ಇವೆರಡನ್ನು ಬಿಟ್ಟು ಬೇರೇನೂ ತಗೊಳ್ಳಲಿಲ್ಲ. ಎಷ್ಟು ಮಿರ್ಚಿ ತಗೊಂಡರು?
(1) ಬಿಲ್ಲು 137 ರೂಪಾಯಿ ಆಯಿತು.
(2) ಒಗ್ಗರಣಿ ಪ್ಲೇಟುಗಳಿಗಿಂತ ಮಿರ್ಚಿ 9 ಜಾಸ್ತಿ.

8. ತುಂಗಭದ್ರಾ ಜಲಾಶಯಕ್ಕೆ 33 ಕ್ರಸ್ಟ್ ಗೇಟು. ಒಂದು ದಿನ ಬೆಳಿಗ್ಗೆ ಈ ಗೇಟುಗಳಿಂದ ನದಿಗೆ ಎಷ್ಟು ಕ್ಯೂಸೆಕ್ ನೀರು ಹೋಗುತ್ತಿತ್ತು?
(1) 10 ಗೇಟುಗಳನ್ನು ತಲಾ ಒಂದು ಅಡಿ ಎತ್ತಲಾಗಿತ್ತು, ಉಳಿದವು ಮುಚ್ಚಿದ್ದವು.
(2) ಜಲಾಶಯಕ್ಕೆ ಆಗ 40,000 ಕ್ಯೂಸೆಕ್ ಒಳಹರಿವು ಇತ್ತು.

9. ಶಾಂತಮ್ಮನ ತಂದೆ-ತಾಯಿಗೆ ಮೂರೇ ಮಕ್ಕಳು, ಅವಳಿ-ಜವಳಿ ಯಾರೂ ಇಲ್ಲ. ಮೂವರಲ್ಲಿ ಕಿರಣ ಒಬ್ಬ. ಅವನು ಶಾಂತಮ್ಮನಿಗೆ ಅಣ್ಣನೋ, ತಮ್ಮನೋ?
(1) ಮೂವರಲ್ಲಿ ಕಿರಣ ನಡುವಿನವನು.
(2) ಶಾಂತಮ್ಮನಿಗೆ ಒಡಹುಟ್ಟಿದ ಒಬ್ಬ ತಂಗಿ ಇದ್ದಾಳೆ.

ಇಲ್ಲಿಗೆ ನಿಲ್ಲಿಸಿ. 12 ನಿಮಿಷ ಆಗುವ ಮೊದಲು ಕೆಳಗೆ ಕಣ್ಣು ಹಾಯಿಸಬೇಡಿ.

ಕೀ ಉತ್ತರ: 1-ಇ, 2-ಉ, 3-ಆ, 4-ಈ, 5-ಅ, 6-ಈ, 7-ಅ, 8-ಉ, 9-ಈ

ವಿವರಣೆ

1. 575ನ್ನು 25ರಿಂದ ಭಾಗಿಸಿದರೆ 23. ಗಡಿಯಾರ ನೋಡಿದರೂ 23. ಯಾವುದು ಒಂದಿದ್ದರೂ ಸಾಕು. ಎರಡು ಹೇಳಿಕೆ ಬೇರೆ ಬೇರೆ ಉತ್ತರ ಕೊಟ್ಟರೆ ಎಲ್ಲೋ ತಪ್ಪಿದ್ದೀರಿ ಅಂತ ಅರ್ಥ, ಸರಿಯಾದ ಪ್ರಶ್ನೆಯಲ್ಲಿ ಎರಡೂ ಒಂದಕ್ಕೊಂದು ಜಗಳ ಆಡುವುದಿಲ್ಲ.

2. ಎರಡು ಗೊತ್ತಿಲ್ಲದ ಬೆಲೆ, ಎರಡು ಸಮೀಕರಣ, ಹಾಗಾದರೆ ‘ಈ’ ಅಂತ ಬರೆದವರೇ ಜಾಸ್ತಿ ಇರುತ್ತೀರಿ. ಎರಡನೇ ಸಾಲನ್ನು ಅರ್ಧ ಮಾಡಿ ನೋಡಿ: ಮೊದಲನೆಯದೇ ಬಂತು. ಅಂಗಡಿಯವನು ಅದೇ ಚೀಟಿಯನ್ನು ಎರಡು ಸಲ ಬರೆದುಕೊಟ್ಟಂಗೆ. ಅಕ್ಕಿ 60 ಇದ್ದರೆ ಬೇಳೆ 140, ಅಕ್ಕಿ 75 ಇದ್ದರೆ ಬೇಳೆ 130. ಎರಡೂ ಹೊಂದುತ್ತವೆ, ಹಾಗಾಗಿ ಸಾಲದು.

3. ಇದರಲ್ಲಿ ಬಹಳ ಜನ ಬೀಳುತ್ತಾರೆ, ಅದಕ್ಕೇ ನಿಧಾನವಾಗಿ ಓದಿ. ಹೇಳಿಕೆ 1ರಿಂದ 20 ದಿನದ ಲೆಕ್ಕ ಮಾತ್ರ ಗೊತ್ತು, ಆಮೇಲೆ ಎಷ್ಟು ದಿನ, ದಿನಕ್ಕೆ ಎಷ್ಟು ಅಂತ ಗೊತ್ತಿಲ್ಲ. ಹೇಳಿಕೆ 2ಕ್ಕೆ ಬನ್ನಿ. ಅತಿ ಜಾಸ್ತಿ ಅಂದರೂ 26 × 115 = 2,990. ಮೂರು ಸಾವಿರ ದಾಟಲು ಸಾಧ್ಯವೇ ಇಲ್ಲ. ಪ್ರಶ್ನೆಗೆ ಉತ್ತರ ‘ಇಲ್ಲ’. ಕಳೆದ ವಾರ ಇಂಥದ್ದೇ ಒಂದಕ್ಕೆ ಹಿಂದಿನ ಬೆಂಚಿನಿಂದ ಒಬ್ಬರು, ‘ಸರ್, ದಾಟಲಿಲ್ಲ ಅಂತ ಬಂತು, ಹಾಗಾದರೆ ಸಾಲದು ಅಲ್ವಾ?’ ಅಂದರು. ಅಲ್ಲ. ‘ಇಲ್ಲ’ ಅಂತ ಖಚಿತವಾಗಿ ಹೇಳಲು ಆದರೆ ಮಾಹಿತಿ ಸಾಕಾಯಿತು. ಸಾಲದು ಅಂದರೆ ‘ದಾಟಿರಬಹುದು, ದಾಟದೆಯೂ ಇರಬಹುದು’ ಅನ್ನುವ ಸ್ಥಿತಿ. ಒಟ್ಟು ನಿಖರವಾಗಿ ಎಷ್ಟು ಅಂತ ನಮಗೆ ಗೊತ್ತಾಗಲೇ ಇಲ್ಲ, ಅದು ಬೇಕಾಗಿಯೂ ಇಲ್ಲ.

4. ಮೂರು ನಿಂತರೆ ಐದು ನಡೆಯುತ್ತವೆ. ಎಂಟನೆಯದು ನಿಂತವುಗಳಲ್ಲಿ ಇದ್ದರೆ 5 × 210 = 1,050. ನಡೆಯುವವುಗಳಲ್ಲಿ ಇದ್ದರೆ 4 × 210 + 250 = 1,090. ಹೇಳಿಕೆ 1 ಒಂದಕ್ಕೇ ಎರಡು ಉತ್ತರ. ಹೇಳಿಕೆ 2 ಸೇರಿದ ಮೇಲೆ 1,090 ಒಂದೇ ಉಳಿಯಿತು. ಯಾವ ಮೂರು ಘಟಕ ನಿಂತವು ಅಂತ ತಲೆ ಕೆಡಿಸಿಕೊಳ್ಳಬೇಡಿ.

5. ಮೂರನೆಯದೇ ಪಾಠ. x² = 9 ಅಂದರೆ x ಬೆಲೆ 3 ಅಥವಾ −3. ಎರಡು ಬೆಲೆ ಬಂತು, ಸಾಲದು ಅನ್ನಬೇಡಿ. ಕೇಳಿದ್ದು x ಎಷ್ಟು ಅಂತ ಅಲ್ಲ, 3ಕ್ಕಿಂತ ದೊಡ್ಡದೇ ಅಂತ. 3 ತನಗಿಂತ ತಾನೇ ದೊಡ್ಡದಲ್ಲ, −3 ಮೊದಲೇ ಅಲ್ಲ. ಎರಡೂ ಕಡೆ ‘ಇಲ್ಲ’. ಹೇಳಿಕೆ 2ರಲ್ಲಿ x 4 ಇರಬಹುದು, 1 ಇರಬಹುದು, ಸಾಲದು.

6. ಸಾಲನ್ನು ಗೆರೆ ಹಾಕಿ ಬರೆದುಕೊಳ್ಳಿ. ಹೇಳಿಕೆ 1ರಿಂದ ಬಸಮ್ಮ ಮೂರನೇ ಜಾಗ, ಈರಮ್ಮ ನಾಲ್ಕನೇ ಜಾಗ. ಉಳಿದದ್ದು 1, 2, 5. ಕೊನೆಯ ಜಾಗಕ್ಕೆ ಮೂವರಲ್ಲಿ ಯಾರು ಬೇಕಾದರೂ ಬರಬಹುದು. ಈಗ ಹುಸೇನಪ್ಪ, ಯಂಕಪ್ಪ ಅಕ್ಕಪಕ್ಕ ಇರಬೇಕು. 1, 2, 5ರಲ್ಲಿ ಅಕ್ಕಪಕ್ಕದ ಜಾಗ ಅಂದರೆ 1 ಮತ್ತು 2 ಮಾತ್ರ. ಹಾಗಾದರೆ ಐದನೆಯವನು ಶರಣಪ್ಪ. ಹುಸೇನಪ್ಪ ಮುಂದೋ ಯಂಕಪ್ಪ ಮುಂದೋ ಕೊನೆಗೂ ಗೊತ್ತಾಗಲಿಲ್ಲ. ಬಿಡಿ, ಅದನ್ನು ಯಾರೂ ಕೇಳಿಲ್ಲ. ಸಾಲು ಪೂರ್ತಿ ಆಗಲಿಲ್ಲ ಅಂತ ‘ಉ’ ಬರೆದವರು ಪ್ರಶ್ನೆಯನ್ನು ಇನ್ನೊಮ್ಮೆ ಓದಿ.

7. ನನಗೆ ಇಷ್ಟದ ಪ್ರಶ್ನೆ, ನಾಷ್ಟಾ ಮಾಡುವಾಗಲೇ ಹೊಳೆದದ್ದು. ಹೇಳಿಕೆ 2ಕ್ಕೆ ಹೋಗಿ ಮೋಸ ಹೋದಿರಿ: ಎರಡನೇ ಪ್ರಶ್ನೆಯ ಹಾಗಲ್ಲ, ಇಲ್ಲಿ ಸಮೀಕರಣಗಳು ಎರಡೂ ಬೇರೆ ಬೇರೆ, ಸೇರಿಸಿದರೆ ಚೆನ್ನಾಗಿ ಉತ್ತರ ಬರುತ್ತದೆ, ಅದಕ್ಕೇ ‘ಈ’ ಸರಿ ಅನ್ನಿಸುತ್ತದೆ. ಆದರೆ ಮಿರ್ಚಿಯನ್ನು ಯಾರೂ ಮುಕ್ಕಾಲು ಕೊಡುವುದಿಲ್ಲ, ಒಗ್ಗರಣಿ ಪ್ಲೇಟೂ ಅಷ್ಟೇ. ಪೂರ್ಣಸಂಖ್ಯೆ ಮಾತ್ರ. 137ರಿಂದ 30, 60, 90, 120 ಕಳೆಯುತ್ತಾ ಹೋಗಿ: 107, 77, 47, 17. ಏಳರಿಂದ ಭಾಗ ಹೋಗುವುದು 77 ಒಂದೇ. ಒಗ್ಗರಣಿ ತಗೊಳ್ಳದೇ ಬರೀ ಮಿರ್ಚಿ ಅಂದರೆ 137, ಅದೂ ಹೋಗುವುದಿಲ್ಲ. 2 ಪ್ಲೇಟು, 11 ಮಿರ್ಚಿ. ಹೇಳಿಕೆ 1 ಒಂದೇ ಸಾಕಾಯಿತು. ಹೇಳಿಕೆ 2 ಒಂದೇ ಇದ್ದರೆ 1 ಪ್ಲೇಟಿಗೆ 10 ಮಿರ್ಚಿ, 3 ಪ್ಲೇಟಿಗೆ 12, ಹೀಗೆ ಮುಗಿಯುವುದೇ ಇಲ್ಲ. ಚೀಲ, ಜನ, ಕುರಿ, ನೋಟು ಇಂಥ ಎಣಿಸುವ ವಸ್ತು ಕಂಡರೆ ‘ಒಂದೇ ಸಮೀಕರಣ, ಸಾಲದು’ ಅಂತ ಬೇಗ ಹೇಳಬೇಡಿ. ಸುಮ್ನೆ ನಾಲ್ಕು ಸಲ ಕಳೆದು ನೋಡಿ. ಅಕ್ಕಿ, ಬೇಳೆಯ ಬೆಲೆಗೆ ಈ ಉಪಾಯ ನಡೆಯುವುದಿಲ್ಲ, ಬೆಲೆ ಐವತ್ತು ಪೈಸೆಯಲ್ಲೂ ಇರಬಹುದು.

8. ಹತ್ತು ಗೇಟು, ಒಂದೊಂದು ಅಡಿ. ಸರಿ, ಆದರೆ ಒಂದು ಅಡಿಗೆ ಗೇಟಿನಿಂದ ಎಷ್ಟು ನೀರು? ಪ್ರಶ್ನೆಯಲ್ಲಿ ಇಲ್ಲ. ಒಳಹರಿವು ಬೇರೆ, ಹೊರಹರಿವು ಬೇರೆ, ಅದರಲ್ಲೂ ಕಾಲುವೆಗೆ ಬಿಟ್ಟ ನೀರು ಬೇರೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿ ಹೋದ ಮೇಲೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಗೇಟಿನ ಲೆಕ್ಕವೇ. ಮುನಿರಾಬಾದಿನಿಂದ ಬರುವವರಿಗಂತೂ ಡ್ಯಾಂ ಬಗ್ಗೆ ನನಗಿಂತ ಜಾಸ್ತಿ ಗೊತ್ತು. ಆ ತಿಳುವಳಿಕೆ ಹೊರಗಿನದು, ಅದನ್ನು ತಂದು ಇಲ್ಲಿ ಸೇರಿಸಬಾರದು. ಹಾಳೆಯ ಮೇಲೆ ಇದ್ದದ್ದೇ ಪ್ರಪಂಚ.

9. ಹೇಳಿಕೆ 1 ಒಂದೇ ಇದ್ದರೆ ಶಾಂತಮ್ಮ ಮೊದಲನೆಯವಳೂ ಆಗಬಹುದು, ಕೊನೆಯವಳೂ ಆಗಬಹುದು. ಹೇಳಿಕೆ 2 ಒಂದೇ ಇದ್ದರೆ ಶಾಂತಮ್ಮ ತಂಗಿಗಿಂತ ದೊಡ್ಡವಳು ಅಂತ ಮಾತ್ರ ಗೊತ್ತು. ಕಿರಣ ಇಬ್ಬರಿಗಿಂತ ಮೊದಲೋ, ನಡುವೆಯೋ, ಆಮೇಲೋ ಗೊತ್ತಿಲ್ಲ. ಎರಡೂ ಸೇರಿಸಿ: ನಡುವೆ ಕಿರಣ, ಆಚೆ ಈಚೆ ಶಾಂತಮ್ಮ ಮತ್ತು ತಂಗಿ. ಶಾಂತಮ್ಮ ದೊಡ್ಡವಳು, ಹಾಗಾಗಿ ಅವಳೇ ಮೊದಲು. ಕಿರಣ ತಮ್ಮ.

ಇದನ್ನು ಒಂದು ಇಂಗ್ಲಿಷ್ ಹಾಳೆ ನೋಡಿ ಮಾಡಿದ್ದೆ. ಅಲ್ಲಿ ‘ಸಿಸ್ಟರ್’ ಅಂತ ಇತ್ತು, ಉತ್ತರ ‘ಎರಡೂ ಸೇರಿದರೂ ಸಾಲದು’. ಅವಸರದಲ್ಲಿ ನಾನು ಅದನ್ನು ‘ತಂಗಿ’ ಅಂತ ಬರೆದು, ಕೀ ಉತ್ತರ ಮಾತ್ರ ಹಳೆಯದೇ ಬಿಟ್ಟಿದ್ದೆ. ಹೋದ ಬ್ಯಾಚಿನ ಒಬ್ಬ ಹುಡುಗಿ ಬೋರ್ಡಿನ ಹತ್ತಿರ ಬಂದು, ‘ಸರ್, ತಂಗಿ ಅಂದ ಮೇಲೆ ಸಣ್ಣವಳೇ ಅಲ್ವಾ, ಮತ್ತೆ ಹೆಂಗ ಸಾಲದು?’ ಅಂದಳು. ಕೀ ತಿದ್ದಿದೆ. ಎರಡು ಭಾಷೆಯಲ್ಲಿ ಪ್ರಶ್ನೆ ಬರುವ ಪರೀಕ್ಷೆಯಲ್ಲಿ ಅಕ್ಕ, ತಂಗಿ, ಅಣ್ಣ, ತಮ್ಮ ಕಂಡರೆ ಇಂಗ್ಲಿಷ್ ಸಾಲನ್ನೂ ಒಮ್ಮೆ ನೋಡಿಕೊಳ್ಳಿ.